ತೊಂಬತ್ತೆರಡು ಸಾವಿರ ಜನ ನೋಡಿದರು, ಹತ್ತು ಜನ ಕೊಂಡರು: ಒಂದು ಹಪ್ಪಳದ ಜಾಹೀರಾತಿನ ಲೆಕ್ಕ

ಇದು ಉಡುಪಿ ಹತ್ತಿರದ ಒಂದು ಮನೆಯ ಕಥೆ. ಗುರುತು ಸಿಗಬಾರದೆಂದು ಊರು, ವಸ್ತು, ತಿಂಗಳುಗಳಲ್ಲಿ ಸ್ವಲ್ಪ ಬದಲಾವಣೆ ಮಾಡಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಸ್ವಲ್ಪ ಸವರಿದ್ದೇನೆ. ನಡೆದದ್ದು ಮಾತ್ರ ಹೀಗೇ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ, ನಾನು ಅವರನ್ನು ಕರೆಯುವುದೂ ಹಾಗೆಯೇ.

ಹಿನ್ನೆಲೆ

ಅಕ್ಕ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮತ್ತು ಪುನರ್ಪುಳಿ ಸಿರಪ್ ಮಾಡುತ್ತಾರೆ. ಮನೆಯವರ ಜೊತೆ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಕರ್ನಾಟಕದೊಳಗೆ ಮಾತ್ರ ಕಳಿಸುತ್ತಾರೆ. ಮೊದಲು ಎಲ್ಲ ಆರ್ಡರ್ ವಾಟ್ಸ್ಆ್ಯಪ್‌ನಲ್ಲೇ ಬರುತ್ತಿತ್ತು. ಎರಡು ವರ್ಷದ ಹಿಂದೆ ಮಗಳು ಒಂದು ಚಿಕ್ಕ ವೆಬ್‌ಸೈಟ್ ಮಾಡಿಕೊಟ್ಟಳು. ನನ್ನ ಕೆಲಸ ಮಂಗಳೂರಿನಲ್ಲಿ, ಇಂಥ ಚಿಕ್ಕ ವ್ಯಾಪಾರಗಳ ಲೆಕ್ಕ ಮತ್ತು ಜಾಹೀರಾತು ನೋಡಿಕೊಳ್ಳುವುದು.

ಜಾಹೀರಾತು ಹಾಕುವ ಹಿಂದಿನ ವರ್ಷ ಅಕ್ಕನಿಗೆ ಒಟ್ಟು 310 ಆರ್ಡರ್ ಬಂದಿತ್ತು. ಬಹುತೇಕ ಎಲ್ಲ ಬಾಯಿಮಾತಿನಿಂದಲೇ. ಒಂದು ಆರ್ಡರ್ ಸರಾಸರಿ 600 ರೂಪಾಯಿ. ಕೊರಿಯರ್‌ನ 80 ರೂಪಾಯಿ ಬೇರೆ, ಅದನ್ನು ಗಿರಾಕಿಯೇ ಕೊಡಬೇಕು. ಮಾಡುವ, ಕಟ್ಟುವ ಖರ್ಚು 330. ಆನ್‌ಲೈನ್ ಪಾವತಿಯ ಕಮಿಷನ್ ಸುಮಾರು 15. ಎಲ್ಲ ಕಳೆದು ಒಂದು ಆರ್ಡರ್‌ಗೆ ಕೈಯಲ್ಲಿ ಉಳಿಯುವುದು 255 ರೂಪಾಯಿ.

ಈ 255 ನೆನಪಿರಲಿ. ಮುಂದಿನ ಎಲ್ಲ ತೀರ್ಮಾನವೂ ಈ ಒಂದು ಅಂಕಿಗೆ ತಾಗಿಕೊಂಡೇ ಇದೆ. ಅಕ್ಕನಿಗೆ ಆಗ ಈ ಅಂಕಿ ಗೊತ್ತಿರಲಿಲ್ಲ. ಹಲಸು ಮನೆಯದೇ ಅಲ್ವಾ, ಅದಕ್ಕೆಂಥ ಖರ್ಚು ಎಂದು ಬಿಟ್ಟಿದ್ದರು. ಮರ ಹತ್ತಿ ಕೊಯ್ಯುವವರ ಕೂಲಿ, ಸೊಳೆ ಬಿಡಿಸುವ ಹೆಂಗಸರ ಕೂಲಿ, ಗ್ಯಾಸ್, ಡಬ್ಬ, ಬಬಲ್ ಶೀಟ್ ಎಲ್ಲ ಬರೆದು ಕೂಡಿಸುವುದಕ್ಕೆ ನಾವಿಬ್ಬರೂ ಒಂದು ಮಧ್ಯಾಹ್ನ ಪೂರ್ತಿ ಕೂತೆವು.

ಮೊದಲ ಜಾಹೀರಾತು

ಏಪ್ರಿಲ್ ಮೊದಲ ವಾರ ಅವರ ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ರೀಲ್ ಹಾಕಿದಳು. ತಾರಸಿಯ ಮೇಲೆ ಚಾಪೆ ಹಾಸಿದ್ದಾರೆ, ಅಜ್ಜಿ ಹಪ್ಪಳ ಒಂದೊಂದಾಗಿ ಮಗುಚುತ್ತಿದ್ದಾರೆ, ಹಿಂದೆ ಕಾಗೆ ಓಡಿಸುವ ಸದ್ದು. ತುಂಬ ಚೆನ್ನಾಗಿತ್ತು. ಅದನ್ನೇ ದುಡ್ಡು ಕೊಟ್ಟು ಓಡಿಸಿದರು. ಹತ್ತು ದಿನ, 8,000 ರೂಪಾಯಿ. ಊರಿನವರಿಗೆ ನಮ್ಮ ರುಚಿ ಗೊತ್ತು, ಬೆಂಗಳೂರಿನಲ್ಲಿ ನಮ್ಮವರು ಜಾಸ್ತಿ ಎಂದು ಉಡುಪಿ ಸುತ್ತಮುತ್ತ 80 ಕಿಲೋಮೀಟರ್ ಮತ್ತು ಬೆಂಗಳೂರು, ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದ್ದರು.

ಹತ್ತು ದಿನವಾದ ಮೇಲೆ ಅಕ್ಕ ಫೋನ್ ಮಾಡಿದರು. ದನಿಯಲ್ಲೇ ಖುಷಿ.

"ತೊಂಬತ್ತೆರಡು ಸಾವಿರ ಜನ ನೋಡಿದ್ದಾರೆ ಮಾರಾಯ! ಒಬ್ಬರಿಗೆ ಒಂಬತ್ತು ಪೈಸೆಯೂ ಬೀಳ್ಲಿಲ್ಲ. ಹತ್ತೊಂಬತ್ತು ಆರ್ಡರ್ ಬಂದದ್ದು ಅಂತ ಅದ್ರಲ್ಲೇ ತೋರಿಸ್ತದೆ. ಇನ್ನೊಂದು ಹದಿನೈದು ಸಾವಿರ ಹಾಕುವನಾ?"

ಅವರು ಹೇಳಿದ ಒಂದು ಅಂಕಿಯೂ ಸುಳ್ಳಲ್ಲ. ಜಾಹೀರಾತಿನ ವರದಿ ತೋರಿಸುವ ತೆರೆಯ ಮೇಲೆ ಇದ್ದದ್ದನ್ನೇ ಓದಿದ್ದರು. ಹದಿನೈದು ಸಾವಿರ ಹಾಕುವ ಮೊದಲು ಒಂದು ದಿನ ಕೊಡಿ, ಆರ್ಡರ್ ಪುಸ್ತಕ ಹಿಡಿದು ಕೂರೋಣ ಎಂದೆ.

ಮೊದಲು ರೀಚ್. 92,000 ಎಂದರೆ ಅಷ್ಟು ಖಾತೆಗಳ ತೆರೆಯ ಮೇಲೆ ಈ ರೀಲ್ ಒಮ್ಮೆಯಾದರೂ ಬಂತು ಎಂದು ಅರ್ಥ. ಹೆಬ್ಬೆರಳು ಸರಿಸುವಾಗ ಅರೆಕ್ಷಣ ಕಂಡು ಹೋದರೂ ಅದು ಲೆಕ್ಕಕ್ಕೆ ಸೇರುತ್ತದೆ. ಒಟ್ಟು ಎಷ್ಟು ಸಲ ಕಂಡಿತು ಎಂಬ ಇಂಪ್ರೆಷನ್ 1,38,000 ಇತ್ತು, ಅಂದರೆ ಒಬ್ಬೊಬ್ಬರಿಗೆ ಸರಾಸರಿ ಒಂದೂವರೆ ಸಲ ಕಂಡಿದೆ.

ಆಮೇಲೆ ಕ್ಲಿಕ್ ದರ, ಅಂದರೆ ನೂರು ಸಲ ಕಂಡರೆ ಎಷ್ಟು ಸಲ ಒತ್ತಿದರು ಎಂಬುದು. ತೆರೆಯ ಮೇಲೆ 3% ಎಂದಿತ್ತು. ನೋಡಿದರೆ ಅದು CTR (all) ಎಂಬ ಕಾಲಮ್. ಲೈಕ್ ಒತ್ತಿದ್ದು, ಬರಹ ಪೂರ್ತಿ ತೆರೆದದ್ದು, ಹೆಸರಿನ ಮೇಲೆ ಒತ್ತಿ ಪೇಜ್ ನೋಡಿದ್ದು, ಎಲ್ಲ ಅದರಲ್ಲಿ ಸೇರುತ್ತದೆ. ನಮಗೆ ಬೇಕಾದದ್ದು ವೆಬ್‌ಸೈಟ್‌ಗೆ ಹೋಗುವ ಲಿಂಕ್ ಒತ್ತಿದವರು. ಆ ಕಾಲಮ್ ತೆರೆದರೆ 690 ಕ್ಲಿಕ್, ದರ 0.5%. ಆರು ಪಟ್ಟು ವ್ಯತ್ಯಾಸ. ಆ 690ರಲ್ಲೂ ಪುಟ ಪೂರ್ತಿ ತೆರೆದುಕೊಂಡದ್ದು 520 ಸಲ ಮಾತ್ರ. ಉಳಿದವರು ಪುಟ ಬರುವ ಮೊದಲೇ ಹಿಂದೆ ಹೋಗಿದ್ದರು. ಮುಖಪುಟದಲ್ಲಿ ಕ್ಯಾಮೆರಾದಿಂದ ನೇರ ಹಾಕಿದ ಭಾರದ ಫೋಟೋಗಳಿದ್ದವು. ಅವನ್ನು ಆ ದಿನವೇ ಚಿಕ್ಕದು ಮಾಡಿದೆವು.

ಕಾಮೆಂಟ್‌ಗಳನ್ನೂ ಓದಿದೆ. "ನಮ್ಮಜ್ಜಿ ನೆನಪಾಯ್ತು", "ನಮ್ಮನೆಯಲ್ಲೂ ನಿನ್ನೆ ಮಾಡಿದ್ದು", "ಮಳೆಗಾಲಕ್ಕೆ ಇದಿಲ್ಲದಿದ್ರೆ ಆಗುದಿಲ್ಲ". ಪ್ರೀತಿಯಿಂದ ಬರೆದಿದ್ದರು. ಆದರೆ ಮನೆಯಲ್ಲೇ ಹಪ್ಪಳ ಮಾಡುವವರು ಅಕ್ಕನ ಹತ್ತಿರ ಯಾಕೆ ಕೊಳ್ಳುತ್ತಾರೆ?

ಹತ್ತೊಂಬತ್ತು ಹೇಗೆ ಹತ್ತಾಯಿತು

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ನೋಡಿದ ಮಟ್ಟಿಗೆ ಚಿಕ್ಕ ವ್ಯಾಪಾರದವರು ಅತಿ ಹೆಚ್ಚು ಎಡವುವುದು ಈ ಜಾಗದಲ್ಲೇ.

19 ಆರ್ಡರ್‌ಗಳ ಫೋನ್ ನಂಬರ್‌ಗಳನ್ನು ಒಂದೊಂದಾಗಿ ಹಳೆಯ ಪುಸ್ತಕದಲ್ಲಿ ಹುಡುಕಿದೆವು. ಏಳು ನಂಬರ್ ಅಲ್ಲಿ ಮೊದಲೇ ಇದ್ದವು. ಅಂದರೆ ಹಳೆಯ ಗಿರಾಕಿಗಳು. ಅದೇ ವಾರ ಅಕ್ಕ ಎಲ್ಲ ಹಳಬರಿಗೂ "ಹೊಸ ಹಪ್ಪಳ ಆಗಿದೆ" ಎಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿದ್ದರು. ಅವರು ಕೊಂಡದ್ದು ಆ ಸಂದೇಶ ನೋಡಿ. ಹಾಗಾದರೆ ಜಾಹೀರಾತಿನ ಲೆಕ್ಕಕ್ಕೆ ಹೇಗೆ ಬಂದರು? ಅಲ್ಲಿನ ಸೆಟ್ಟಿಂಗ್ ಹಾಗಿತ್ತು. ಜಾಹೀರಾತು ಒತ್ತಿ ಏಳು ದಿನದೊಳಗೆ ಕೊಂಡರೆ, ಅಥವಾ ಸುಮ್ನೆ ನೋಡಿ ಒಂದು ದಿನದೊಳಗೆ ಕೊಂಡರೆ, ಆ ಮಾರಾಟ ಜಾಹೀರಾತಿನ ಹೆಸರಿಗೆ ಸೇರುತ್ತದೆ. ಹಳಬರು ಅಕ್ಕನ ಪೇಜ್ ಹಿಂಬಾಲಿಸುವವರೇ. ರೀಲ್ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ?

ಉಳಿದದ್ದು 12 ಹೊಸಬರು. ಅದರಲ್ಲಿ ಐದು ಜನ ಪಾರ್ಸಲ್ ಬಂದಾಗ ದುಡ್ಡು ಕೊಡುತ್ತೇವೆ ಎಂದವರು. ಇಬ್ಬರು ಪಾರ್ಸಲ್ ತೆಗೆದುಕೊಳ್ಳಲೇ ಇಲ್ಲ. ಹೋಗುವ, ಬರುವ ಕೊರಿಯರ್ ಖರ್ಚು ಒಂದೊಂದಕ್ಕೆ 160 ರೂಪಾಯಿ ಅಕ್ಕನ ತಲೆಗೇ ಬಂತು. ವಾಪಸ್ ಬಂದ ಹಪ್ಪಳ ಪುಡಿಪುಡಿ. ಹಪ್ಪಳಕ್ಕೆ ಒಂದು ಪ್ರಯಾಣವೇ ಜಾಸ್ತಿ, ಎರಡು ಹೇಗೆ ತಡೆದೀತು?

ಹಾಗಾಗಿ ಹೊಸದಾಗಿ ಬಂದು, ದುಡ್ಡು ಕೊಟ್ಟು, ಪಾರ್ಸಲ್ ಕೈಗೆ ತೆಗೆದುಕೊಂಡ ಗಿರಾಕಿಗಳು ಹತ್ತು ಜನ.

ಖರ್ಚಿನ ಕಡೆಗೂ ಒಂದು ತಿದ್ದುಪಡಿ ಬೇಕಿತ್ತು. 8,000ದ ಮೇಲೆ 18% ಜಿಎಸ್‌ಟಿ ಬಿದ್ದಿತ್ತು. ತೆರೆಯ ಮೇಲಿನ ಖರ್ಚಿನ ಕಾಲಮ್‌ನಲ್ಲಿ ಅದು ಕಾಣುವುದಿಲ್ಲ, ಬಿಲ್‌ನಲ್ಲಿ ಕಾಣುತ್ತದೆ. ಆ ತೆರಿಗೆಯನ್ನು ಕ್ರೆಡಿಟ್ ಆಗಿ ವಾಪಸ್ ಪಡೆಯಲು ಆಗದವರಿಗೆ ಅದು ಪೂರ್ತಿ ಖರ್ಚೇ. ಕೈಯಿಂದ ಹೋದದ್ದು 9,440.

```
ತೆರೆಯ ಲೆಕ್ಕ:    8,000 ÷ 19 = 421
ಪುಸ್ತಕದ ಲೆಕ್ಕ:  9,440 ÷ 10 = 944
```

ಒಬ್ಬ ಗಿರಾಕಿಯನ್ನು ತರಲು 944 ರೂಪಾಯಿ. ಆ ಗಿರಾಕಿ ಮೊದಲ ಆರ್ಡರ್‌ನಲ್ಲಿ ಕೊಟ್ಟದ್ದು 255. ವಾಪಸ್ ಬಂದ ಪಾರ್ಸಲ್‌ಗಳ ಖರ್ಚನ್ನು ನಾನು ಇನ್ನೂ ಸೇರಿಸಿಲ್ಲ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಇದು ನಮಗೆ ಆಗುವ ಕೆಲಸ ಅಲ್ಲ ಅಂತಲಾ?" ಎಂದರು.

ಹಾಗೆ ಹೇಳುವಷ್ಟು ಮಾಹಿತಿ ನಮ್ಮ ಕೈಯಲ್ಲಿ ಇರಲಿಲ್ಲ. ಒಂದು ಎಳೆ ಮಾತ್ರ ಸಿಕ್ಕಿತ್ತು. ಆ ಹತ್ತು ಜನರಲ್ಲಿ ಏಳು ಜನರ ಪಿನ್‌ಕೋಡ್ 560ರಿಂದ ಶುರುವಾಗುತ್ತಿತ್ತು, ಅಂದರೆ ಬೆಂಗಳೂರು. ಕಳೆದ ವರ್ಷದ 310 ಆರ್ಡರ್ ತೆಗೆದು ನೋಡಿದರೆ ಅಲ್ಲೂ 143 ಬೆಂಗಳೂರಿಗೇ ಹೋಗಿದ್ದವು. ಉಡುಪಿ, ಮಂಗಳೂರು ಕಡೆಯ 574, 575, 576 ಪಿನ್‌ಕೋಡ್‌ಗೆ ಹೋದದ್ದು ಬರೀ 24. ಉಳಿದವು ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ ಹೀಗೆ ಚದುರಿದ್ದವು.

ಎರಡು ಊರು, ಎರಡು ಡಬ್ಬ

ಮೊದಲ ಜಾಹೀರಾತಿನ ದುಡ್ಡು ಯಾವ ಊರಿನಲ್ಲಿ ಎಷ್ಟು ಖರ್ಚಾಯಿತು ಎಂದು ತಿಳಿಯುವ ದಾರಿ ಇರಲಿಲ್ಲ. ಎರಡೂ ಒಂದೇ ಪಟ್ಟಿಯಲ್ಲಿದ್ದವು. ವೆಬ್‌ಸೈಟ್‌ನ ಅನಾಲಿಟಿಕ್ಸ್‌ನಲ್ಲಿ ಊರಿನ ಹೆಸರು ಬರುತ್ತದೆ, ನಿಜ. ಆದರೆ ಮೊಬೈಲ್ ಇಂಟರ್ನೆಟ್‌ನಲ್ಲಿ ಅದನ್ನು ನಂಬಲಾಗದು. ಕುಂದಾಪುರದಲ್ಲಿ ಕೂತು ನೋಡಿದವರನ್ನೂ ಅದು ಬೆಂಗಳೂರು ಎಂದು ತೋರಿಸಬಹುದು.

ಹಾಗಾಗಿ ದುಡ್ಡನ್ನೇ ಎರಡು ಡಬ್ಬದಲ್ಲಿ ಇಟ್ಟೆವು. ಒಂದು ಕರಾವಳಿಗೆ, ಒಂದು ಬೆಂಗಳೂರಿಗೆ. ಎರಡಕ್ಕೂ ದಿನಕ್ಕೆ 300 ರೂಪಾಯಿ, ಅದೇ ರೀಲ್, ಅದೇ ವಯಸ್ಸಿನವರು, ಅದೇ ದಿನಗಳು. ಬದಲಾಗಿದ್ದು ಊರು ಮಾತ್ರ. ಲಿಂಕ್‌ನ ಬಾಲಕ್ಕೆ ಗುರುತು ಹಾಕಿದೆವು, ಆರ್ಡರ್ ಎಲ್ಲಿಂದ ಬಂತು ಎಂದು ನಮ್ಮ ಕಡೆಯಿಂದಲೇ ಕಾಣಲಿ ಎಂದು.

```
?utm_source=instagram&utm_medium=paid&utm_campaign=happala_blr
?utm_source=instagram&utm_medium=paid&utm_campaign=happala_karavali
```

ಖರೀದಿ ಮಾಡುವವರನ್ನೇ ಹುಡುಕು ಎಂದು ಜಾಹೀರಾತಿಗೆ ಹೇಳಬಹುದಿತ್ತಲ್ಲ ಎಂದು ಕೆಲವರು ಕೇಳಬಹುದು. ಹೇಳಬಹುದು. ಆದರೆ ಕೊಳ್ಳುವವರು ಯಾರೆಂದು ಆ ವ್ಯವಸ್ಥೆ ಸರಿಯಾಗಿ ಕಲಿಯಬೇಕಾದರೆ ವಾರಕ್ಕೆ ಸುಮಾರು 50 ಖರೀದಿಯಾದರೂ ಸಿಗಬೇಕು. ನಮ್ಮಲ್ಲಿ ವಾರಕ್ಕೆ ಐದಾರು. ಅದಕ್ಕೇ ಪುಟ ಪೂರ್ತಿ ತೆರೆದು ನೋಡುವವರನ್ನು ಹುಡುಕು ಎಂಬ ಗುರಿ ಇಟ್ಟೆವು.

ಹತ್ತನೇ ದಿನ ಅಕ್ಕನ ಮನೆ ಜಗಲಿಯಲ್ಲಿ ಕೂತು ನೋಡಿದೆವು. ಕರಾವಳಿಯಿಂದ ಮೂರು ಹೊಸ ಗಿರಾಕಿ. ಬೆಂಗಳೂರಿನಿಂದ ನಾಲ್ಕು. ಕರಾವಳಿಯಲ್ಲಿ ಒಂದು ಕ್ಲಿಕ್‌ಗೆ ಆರು ರೂಪಾಯಿ, ಬೆಂಗಳೂರಿನಲ್ಲಿ ಇಪ್ಪತ್ತು.

"ಬೆಂಗಳೂರು ಬಂದ್ ಮಾಡುವ," ಎಂದರು ಅಕ್ಕ. "ಗಿರಾಕಿ ಹೆಚ್ಚುಕಮ್ಮಿ ಒಂದೇ, ಕ್ಲಿಕ್ ಮೂರು ಪಟ್ಟು ದುಬಾರಿ. ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂಥ ಉಂಟು?"

ಇಡೀ ಪ್ರಕರಣ ತಿರುಗಿದ್ದು ಈ ಮಾತಿನ ಹತ್ತಿರ. ನಾನು ಬೇಡ ಎಂದೆ. ಬೆಂಗಳೂರು ಗೆಲ್ಲುತ್ತದೆ ಎಂದು ಗೊತ್ತಿತ್ತು ಅಂತಲ್ಲ. ಮೂರು ಮತ್ತು ನಾಲ್ಕು ಎಂಬ ಅಂಕಿಗಳಿಂದ ಏನನ್ನೂ ಹೇಳಲಾಗದು, ಅಷ್ಟೇ. ಒಬ್ಬರ ಮನೆಯಲ್ಲಿ ಕರೆಂಟ್ ಹೋಗಿ ಆರ್ಡರ್ ಅರ್ಧಕ್ಕೆ ನಿಂತರೂ ಆ ಅಂಕಿ ತಲೆಕೆಳಗಾಗುತ್ತದೆ. ರೀಚ್ ಸಾವಿರಗಳಲ್ಲಿ ಇರುತ್ತದೆ, ಕ್ಲಿಕ್ ನೂರುಗಳಲ್ಲಿ. ಅವು ಬೇಗ ಗಟ್ಟಿಯಾಗುತ್ತವೆ. ಗಿರಾಕಿಗಳ ಎಣಿಕೆ ಬೆರಳಿನಲ್ಲಿ ಇರುತ್ತದೆ, ಗಟ್ಟಿಯಾಗಲು ದಿನ ಬೇಕು. ಆದರೆ ನಮಗೆ ಬೇಕಾದ ಉತ್ತರ ಇರುವುದು ಆ ಬೆರಳೆಣಿಕೆಯಲ್ಲೇ. ಇನ್ನೂ ಹತ್ತು ದಿನ ಏನನ್ನೂ ಮುಟ್ಟದೆ ಬಿಡೋಣ ಎಂದೆ. ಅಕ್ಕ ಅರೆಮನಸ್ಸಿನಿಂದ ಒಪ್ಪಿದರು. ಅವರ ದುಡ್ಡು ಅದು, ನನ್ನದಲ್ಲ. ಆ ಹತ್ತು ದಿನ ನನಗೂ ನೆಮ್ಮದಿ ಇರಲಿಲ್ಲ.

ಇಪ್ಪತ್ತನೇ ದಿನಕ್ಕೆ ಸಿಕ್ಕ ಚಿತ್ರ ಇದು. ಎರಡಕ್ಕೂ ಖರ್ಚು 6,000, ಜಿಎಸ್‌ಟಿ ಸೇರಿ 7,080. ಕರಾವಳಿಯಲ್ಲಿ ರೀಚ್ 68,000, ಬೆಂಗಳೂರಿನಲ್ಲಿ 24,000. ಲಿಂಕ್ ಕ್ಲಿಕ್ ದರ ಕರಾವಳಿಯಲ್ಲಿ 0.9%, ಬೆಂಗಳೂರಿನಲ್ಲಿ 0.7%. ಪುಟ ತೆರೆದವರು ಕರಾವಳಿಯಲ್ಲಿ 760, ಬೆಂಗಳೂರಿನಲ್ಲಿ 235. ಇಲ್ಲಿಯವರೆಗೆ ಪ್ರತಿ ಸಾಲಿನಲ್ಲೂ ಕರಾವಳಿಯೇ ಮುಂದೆ. ಕೊನೆಯ ಸಾಲು ಮಾತ್ರ ಬೇರೆ. ಕರಾವಳಿಯಿಂದ ಹೊಸ ಗಿರಾಕಿ ನಾಲ್ಕು, ಬೆಂಗಳೂರಿನಿಂದ ಹನ್ನೊಂದು.

ಪುಟಕ್ಕೆ ಬಂದವರಲ್ಲಿ ಎಷ್ಟು ಜನ ಕೊಂಡರು ಎಂಬ ಲೆಕ್ಕವೇ ಕನ್ವರ್ಷನ್. ಕರಾವಳಿಯಲ್ಲಿ ಅದು ಅರ್ಧ ಶೇಕಡಾ, ಬೆಂಗಳೂರಿನಲ್ಲಿ 4.7. ಒಬ್ಬ ಗಿರಾಕಿಗೆ ತಗಲಿದ ಖರ್ಚು ಕರಾವಳಿಯಲ್ಲಿ 1,770 ರೂಪಾಯಿ, ಬೆಂಗಳೂರಿನಲ್ಲಿ 644.

ನಾಲ್ಕು, ಹನ್ನೊಂದು ಕೂಡ ಚಿಕ್ಕ ಅಂಕಿಗಳೇ. ಬರೀ ಇದನ್ನೇ ಹಿಡಿದು ನಾನು ಕರಾವಳಿಯನ್ನು ನಿಲ್ಲಿಸಿ ಎನ್ನುತ್ತಿರಲಿಲ್ಲ. ಆದರೆ ಕಳೆದ ವರ್ಷದ ಪಿನ್‌ಕೋಡ್ ಲೆಕ್ಕವೂ ಇದೇ ಮಾತು ಹೇಳುತ್ತಿತ್ತು, ಕಾಮೆಂಟ್‌ಗಳೂ ಇದನ್ನೇ ಹೇಳುತ್ತಿದ್ದವು. ಮೂರು ಕಡೆಯಿಂದ ಒಂದೇ ಉತ್ತರ ಬಂದ ಮೇಲೆ ಕರಾವಳಿ ಜಾಹೀರಾತು ನಿಲ್ಲಿಸಿದೆವು.

41 ಜನ ವಿಳಾಸದ ಪುಟದವರೆಗೆ ಬಂದರು

644 ಕೂಡ 255ಕ್ಕಿಂತ ತುಂಬ ಜಾಸ್ತಿ. ಹಾಗಾಗಿ ಬೆಂಗಳೂರಿನ ಆ 235 ಜನ ವೆಬ್‌ಸೈಟ್‌ನಲ್ಲಿ ಎಲ್ಲಿಯವರೆಗೆ ಬಂದು ನಿಂತರು ಎಂದು ನೋಡಿದೆವು. 54 ಜನ ಬುಟ್ಟಿಗೆ ಹಾಕಿದ್ದರು. 41 ಜನ ವಿಳಾಸ ಬರೆಯುವ ಪುಟಕ್ಕೆ ಬಂದಿದ್ದರು. ಆರ್ಡರ್ ಆದದ್ದು 13. ಅದರಲ್ಲಿ ಒಬ್ಬರು ಹಳಬರು, ಒಂದು ಪಾರ್ಸಲ್ ವಾಪಸ್.

ಕೊಳ್ಳುವ ಮನಸ್ಸು ಮಾಡಿ, ವಿಳಾಸದ ಪುಟದವರೆಗೆ ಬಂದು, 28 ಜನ ತಿರುಗಿ ಹೋಗಿದ್ದರು. 235ರಲ್ಲಿ ನೂರೆಂಬತ್ತು ಜನ ಸುಮ್ನೆ ನೋಡಿ ಹೋದದ್ದು ದೊಡ್ಡ ವಿಷಯವಲ್ಲ, ಅಂಗಡಿ ಮುಂದೆ ನಿಂತವರೆಲ್ಲ ಒಳಗೆ ಬರುವುದಿಲ್ಲ. ಚೀಲ ತುಂಬಿಸಿ ಗಲ್ಲಾ ಹತ್ತಿರ ಬಂದವರು ಚೀಲ ಅಲ್ಲೇ ಇಟ್ಟು ಹೋದರೆ ಕಾರಣ ಕೇಳಲೇಬೇಕು.

28ರಲ್ಲಿ 17 ಜನ ಫೋನ್ ನಂಬರ್ ಬರೆದಿದ್ದರು. ಅಕ್ಕ ಪ್ರತಿಯೊಬ್ಬರಿಗೂ ಒಂದೇ ಒಂದು ಸಂದೇಶ ಕಳಿಸಿದರು. "ನಿಮ್ಮ ಆರ್ಡರ್ ಅರ್ಧಕ್ಕೆ ನಿಂತಿದೆ, ಏನಾದರೂ ತೊಂದರೆ ಆಯಿತಾ ಎಂದು ತಿಳಿಸಿದರೆ ನಮಗೆ ಸಹಾಯ ಆಗುತ್ತದೆ" ಎಂದು. ಹತ್ತು ಜನ ಉತ್ತರ ಕೊಟ್ಟರು. ಏಳು ಜನ ಹೇಳಿದ್ದು ಒಂದೇ ಮಾತು: ಒಂದು ಕಟ್ಟು ಹಪ್ಪಳಕ್ಕೆ ಹೋದರೆ ಕೊನೆಯಲ್ಲಿ 80 ರೂಪಾಯಿ ಕೊರಿಯರ್ ಎಂದು ಬಂತು.

80 ರೂಪಾಯಿ ಅವರಿಗೆ ದೊಡ್ಡದಲ್ಲ. ಅದು ಕೊನೆಯ ಪುಟದಲ್ಲಿ ಮೊದಲ ಸಲ ಕಂಡದ್ದು ಬೇಸರ ತಂದಿತ್ತು.

ಹೊಸಬರಿಗಾಗಿ ಒಂದು ಪೆಟ್ಟಿಗೆ ಮಾಡಿದೆವು. ಎರಡು ಕಟ್ಟು ಹಪ್ಪಳ, ಒಂದು ಬಾಟಲಿ ಮಿಡಿ, ಒಂದು ಬಾಟಲಿ ಪುನರ್ಪುಳಿ. 849 ರೂಪಾಯಿ, ಕೊರಿಯರ್ ಅದರಲ್ಲೇ ಸೇರಿದೆ. ಮಾಡುವ, ಕಟ್ಟುವ ಖರ್ಚು 400, ಕೊರಿಯರ್ 90, ಕಮಿಷನ್ 17. ಉಳಿಯುವುದು 342. ಜೊತೆಗೆ, ಪಾರ್ಸಲ್ ಬಂದಾಗ ದುಡ್ಡು ಕೊಡುವವರಿಗೆ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಂಡೇ ಕಳಿಸುವುದು ಎಂದು ನಿರ್ಧರಿಸಿದೆವು.

ಒಂದೇ ಸಲ ಎರಡು ಬದಲಾವಣೆ ಮಾಡಬಾರದಿತ್ತು. ಆಮೇಲೆ ಯಾವುದರಿಂದ ಎಷ್ಟು ಲಾಭವಾಯಿತು ಎಂದು ಬೇರೆ ಮಾಡಿ ಹೇಳಲಾಗಲಿಲ್ಲ. ಆದರೆ ಮೇ ಮಧ್ಯ ಬಂದಿತ್ತು, ಮಳೆ ಹಿಡಿದರೆ ಹಪ್ಪಳ ಒಣಗಿಸುವ ಕೆಲಸ ಮುಗಿಯಿತು. ಒಂದೊಂದಾಗಿ ಪರೀಕ್ಷೆ ಮಾಡುವಷ್ಟು ದಿನ ನಮ್ಮ ಹತ್ತಿರ ಇರಲಿಲ್ಲ.

ಮುಂದಿನ ಒಂದು ತಿಂಗಳು ಬೆಂಗಳೂರಿಗೆ ಮಾತ್ರ 9,000 ರೂಪಾಯಿ, ಜಿಎಸ್‌ಟಿ ಸೇರಿ 10,620. ಪುಟಕ್ಕೆ ಬಂದವರು 350, ಹೊಸ ಗಿರಾಕಿ 22. ಕನ್ವರ್ಷನ್ 6.3%. ಒಬ್ಬರಿಗೆ 483 ರೂಪಾಯಿ. ಒಂದು ಪಾರ್ಸಲ್ ಕೂಡ ವಾಪಸ್ ಬರಲಿಲ್ಲ.

ಎಷ್ಟಾದರೆ ಸಾಕು?

483 ಎಂದರೆ ಮೊದಲ ಪೆಟ್ಟಿಗೆಯಲ್ಲಿ ಇನ್ನೂ 141 ರೂಪಾಯಿ ನಷ್ಟ. ಅಕ್ಕ ಆಗ ಸರಿಯಾದ ಪ್ರಶ್ನೆ ಕೇಳಿದರು. "ಒಮ್ಮೆ ರುಚಿ ನೋಡಿದವ್ರು ಮತ್ತೆ ಬರ್ತಾರಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯುದಿಲ್ವಾ?"

ಹಿಡಿಯಬೇಕು. ಆದರೆ ಎಷ್ಟು ಹಿಡಿಯಬೇಕು? ಕಳೆದ ವರ್ಷ ಹೊಸದಾಗಿ ಬಂದ 100 ಜನರನ್ನು ಪುಸ್ತಕದಲ್ಲಿ ಗುರುತು ಹಾಕಿ ನೋಡಿದೆವು. ಆರು ತಿಂಗಳೊಳಗೆ ಅವರಲ್ಲಿ 38 ಜನ ಮತ್ತೆ ಬಂದು, ಒಟ್ಟು 60 ಆರ್ಡರ್ ಕೊಟ್ಟಿದ್ದರು. ಆ 60 ಆರ್ಡರ್‌ಗೆ ಜಾಹೀರಾತು ಖರ್ಚಿಲ್ಲ. ಒಂದಕ್ಕೆ 255ರಂತೆ ನೂರು ಜನರಿಗೆ ಹಂಚಿದರೆ ತಲಾ 153 ರೂಪಾಯಿ. 342ಕ್ಕೆ 153 ಸೇರಿಸಿದರೆ 495. ಹಾಗಾದರೆ 483 ಸರಿಯಾಯಿತಲ್ಲ ಎಂದು ಅನ್ನಿಸುತ್ತದೆ.

ನನಗೆ ಧೈರ್ಯ ಬರಲಿಲ್ಲ. ಕಳೆದ ವರ್ಷದವರು ಬಂದದ್ದು ನೆಂಟರು, ಸ್ನೇಹಿತರು ಹೇಳಿ. ಅಂಥವರು ಮತ್ತೆ ಬರುವುದು ಜಾಸ್ತಿ. ರೀಲ್ ನೋಡಿ ಬಂದವರು ಅಷ್ಟೇ ಬರುತ್ತಾರೆ ಎನ್ನಲು ಯಾವ ಆಧಾರವೂ ಇಲ್ಲ. ಅರ್ಧ ಹಿಡಿಯೋಣ ಎಂದೆ. 342ಕ್ಕೆ 76 ಸೇರಿಸಿ 418. ಸ್ವಲ್ಪ ಜಾಗ ಬಿಟ್ಟು 400 ರೂಪಾಯಿ ಮಿತಿ ಎಂದು ಗೋಡೆಯ ಕ್ಯಾಲೆಂಡರ್ ಮೇಲೆ ಅಕ್ಕ ಬರೆದಿಟ್ಟರು.

ಡಿಸೆಂಬರ್ ಮಧ್ಯಕ್ಕೆ ಆ 22 ಜನರ ಆರು ತಿಂಗಳು ಮುಗಿಯಿತು. ಐದು ಜನ ಮತ್ತೆ ಬಂದಿದ್ದರು, ಆರು ಆರ್ಡರ್. ತಲೆಗೆ ಸುಮಾರು 70 ರೂಪಾಯಿ. ಕಳೆದ ವರ್ಷದ ಲೆಕ್ಕವನ್ನು ಹಾಗೇ ನಂಬಿ ದುಡ್ಡು ಸುರಿದಿದ್ದರೆ ಪ್ರತಿ ಗಿರಾಕಿಗೂ ಎಂಬತ್ತು ರೂಪಾಯಿ ಲೆಕ್ಕ ತಪ್ಪುತ್ತಿತ್ತು.

ಮಿತಿಯೊಳಗೆ ಬಂದದ್ದು ಹೇಗೆ ಎಂದೂ ಹೇಳಬೇಕು. ಜುಲೈಯಲ್ಲಿ ಹೊಸ ರೀಲ್ ಮಾಡಿದೆವು. ಅಜ್ಜಿ ಇದ್ದಾರೆ, ಆದರೆ ಕೊನೆಗೆ. ಮೊದಲಿಗೇ ಪೆಟ್ಟಿಗೆ ತೆರೆಯುವುದು, ಒಳಗೆ ಏನೇನಿದೆ, 849 ರೂಪಾಯಿ, ಕೊರಿಯರ್ ಸೇರಿ ಎಂದು ದೊಡ್ಡ ಅಕ್ಷರ. ಕ್ಲಿಕ್ ದರ 0.7ರಿಂದ 0.5ಕ್ಕೆ ಇಳಿಯಿತು. ಮಗಳಿಗೆ ಗಾಬರಿ, ಹಳೆಯದನ್ನೇ ಹಾಕೋಣ ಎಂದಳು. ಆದರೆ ಬೆಲೆ ನೋಡಿ ಒತ್ತದೆ ಹೋದವರು ಮೊದಲೂ ಕೊಳ್ಳುತ್ತಿರಲಿಲ್ಲ, ಪುಟಕ್ಕೆ ಬಂದು ತಿರುಗಿ ಹೋಗುತ್ತಿದ್ದರು, ಆ ಕ್ಲಿಕ್‌ಗೆ ನಾವು ದುಡ್ಡು ಕೊಡುತ್ತಿದ್ದೆವು. ಜುಲೈ, ಆಗಸ್ಟ್ ಎರಡು ತಿಂಗಳಲ್ಲಿ ತಿಂಗಳಿಗೆ 3,000ದಂತೆ, ಜಿಎಸ್‌ಟಿ ಸೇರಿ 7,080 ಖರ್ಚು, 18 ಹೊಸ ಗಿರಾಕಿ. ಒಬ್ಬರಿಗೆ 393.

ಸೆಪ್ಟೆಂಬರ್‌ನಲ್ಲಿ ಅದೇ ರೀಲ್, ಅದೇ 3,000. ಗಿರಾಕಿ ಐದೇ. 708 ರೂಪಾಯಿ. ಐದು ಎಂಬುದು ಅದೃಷ್ಟದ ಏರುಪೇರು ಇರಬಹುದು ಎಂದು ಮೊದಲು ಅಂದುಕೊಂಡೆವು. ಆದರೆ ಒಬ್ಬೊಬ್ಬರಿಗೆ ರೀಲ್ ಕಂಡ ಸರಾಸರಿ ನಾಲ್ಕು ಸಲ ದಾಟಿತ್ತು, ಕ್ಲಿಕ್ ದರ 0.3ಕ್ಕೆ ಬಿದ್ದಿತ್ತು. ಕೊಳ್ಳುವವರು ಕೊಂಡಾಗಿತ್ತು, ಉಳಿದವರಿಗೆ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದೆವು. ಆ ದಿನವೇ ನಿಲ್ಲಿಸಿದೆವು.

ಈ ಮಾರ್ಚ್‌ನಲ್ಲಿ ಅಕ್ಕ ಮತ್ತೆ ಫೋನ್ ಮಾಡಿದರು. ಮರದಲ್ಲಿ ಹಲಸು ಬೆಳೆಯುತ್ತಿತ್ತು. ರೀಚ್ ಬಗ್ಗೆ ಒಂದು ಮಾತಿಲ್ಲ.

"ಈ ಸಲ ಮೂವತ್ತು ಹೊಸಬರು ಸಾಕು. ನಾನ್ನೂರರ ಹಾಗೆ ಹನ್ನೆರಡು ಸಾವಿರ, ಜಿಎಸ್‌ಟಿ ಅದ್ರಲ್ಲೇ. ಅಂದ್ರೆ ಜಾಹೀರಾತಿಗೆ ಹತ್ತು ಸಾವಿರ ಹಾಕಿದ್ರೆ ಆಯ್ತಲ್ಲ?"

ಆಯ್ತು ಎಂದೆ.

"ಒಂದು ಪೆಟ್ಟಿಗೆಗೆ ಎರಡು ಕಟ್ಟು, ಕಟ್ಟಿಗೆ ಇಪ್ಪತ್ತೈದು. ಹೊಸಬರಿಗೆ ಅಂತ ಒಂದೂವರೆ ಸಾವಿರ ಹಪ್ಪಳ ಬೇರೆ ಎತ್ತಿಡ್ಬೇಕು. ಚಾಪೆ ಸಾಲುದಿಲ್ಲ, ಇನ್ನು ನಾಲ್ಕು ತರ್ಲಿಕ್ಕೆ ಹೇಳಿದ್ದೇನೆ" ಎಂದು ಫೋನ್ ಇಟ್ಟರು.